ಡ್ಯಾಮಿನ ಅಂಕಿಯನ್ನು ಕಂಪ್ಯೂಟರ್ ಧ್ವನಿಯಲ್ಲಿ ಸರಿಯಾಗಿ ಓದಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ಸಿಂಧನೂರು ತಾಲೂಕಿನವನು. ನಮ್ಮ ಸುತ್ತಲಿನ ರೈತರಿಗೆ ದಿನಾ ಬೆಳಿಗ್ಗೆ ತುಂಗಭದ್ರಾ ಅಂದರೆ ಟಿಬಿ ಡ್ಯಾಮಿನ ನೀರಿನ ಮಟ್ಟ, ಭತ್ತದ ರೇಟು, ಗೊಬ್ಬರದ ಸುದ್ದಿ ಸೇರಿಸಿ ಎರಡು ನಿಮಿಷದ ಆಡಿಯೋ ಮಾಡಿ ವಾಟ್ಸ್ಯಾಪಿನಲ್ಲಿ ಹಾಕುತ್ತೇನೆ. ಕಂಪ್ಯೂಟರ್ ಧ್ವನಿ ಬಳಸುತ್ತೇನೆ. ಧ್ವನಿ ಚೆನ್ನಾಗೇ ಇದೆ. ಆದರೆ ಅಂಕಿ ಬಂದ ಕೂಡಲೇ ಎಡವುತ್ತದೆ. ಇಂಗ್ಲಿಷ್ ಪದ ಬಂದರೆ ಏನೋ ಒಂದು ಹೇಳುತ್ತದೆ. ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. ಬೇರೆ ಆ್ಯಪ್ ತಗೋಬೇಕಾ?

ಉತ್ತರ: ಆ್ಯಪ್ ಬದಲಿಸುವುದು ಆಮೇಲೆ. ಮೊದಲು ನೀವು ಅದಕ್ಕೆ ಕೊಡುತ್ತಿರುವ ಬರಹವನ್ನು ಬದಲಿಸಿ. ನೀವು ಹೇಳಿದ ಮೂರೂ ತೊಂದರೆ ಹುಟ್ಟುವುದು ಬಹುಪಾಲು ಅಲ್ಲೇ.

ಕಣ್ಣಿಗೆ ಬರೆದದ್ದೇ ಬೇರೆ, ಕಿವಿಗೆ ಬರೆದದ್ದೇ ಬೇರೆ. 32,450 ಅಂತ ಬರೆದರೆ ನಾವು ನೀವು ಸುಮ್ನೆ ಓದಿಕೊಳ್ಳುತ್ತೇವೆ. ಯಂತ್ರಕ್ಕೆ ಅದು ಅಕ್ಷರವೂ ಅಲ್ಲ, ಪದವೂ ಅಲ್ಲ, ಬರೀ ಗುರುತು. ಅದನ್ನು ಪದವಾಗಿ ಬಿಡಿಸುವ ಒಂದು ಹಂತ ಒಳಗಡೆ ಇರುತ್ತದೆ. ಧ್ವನಿ ಹುಟ್ಟುವುದು ಅದಾದ ಮೇಲೆ. ಇಂಗ್ಲಿಷ್‌ನಲ್ಲಿ ಆ ಹಂತವನ್ನು ವರ್ಷಗಟ್ಟಲೆ ತಿದ್ದಿ ತೀಡಿದ್ದಾರೆ. ಕನ್ನಡದಲ್ಲಿ ಅಷ್ಟು ಕೆಲಸ ಆಗಿಲ್ಲ. ಅದಕ್ಕೇ ಧ್ವನಿ ಇಂಪಾಗಿದ್ದರೂ ಅಂಕಿಯಲ್ಲಿ ಮುಗ್ಗರಿಸುತ್ತದೆ. ಆ ಬಿಡಿಸುವ ಕೆಲಸವನ್ನು ನೀವೇ ಮಾಡಿಕೊಟ್ಟರೆ ಯಂತ್ರಕ್ಕೆ ತಪ್ಪು ಮಾಡಲು ಹೆಚ್ಚು ಜಾಗ ಉಳಿಯುವುದಿಲ್ಲ.

ನಿಮ್ಮದೇ ಸುದ್ದಿಯನ್ನು ಇಟ್ಟುಕೊಂಡು ನೋಡೋಣ. ನೀವು ಹೆಚ್ಚುಕಡಿಮೆ ಹೀಗೆ ಬರೆಯುತ್ತಿರಬೇಕು. ಡ್ಯಾಮು ತುಂಬಿದಾಗಿನ ಮಟ್ಟ 1633 ಅಡಿ ಎನ್ನುವುದೊಂದು ಬಿಟ್ಟು ಉಳಿದ ಅಂಕಿ ಎಲ್ಲಾ ಮಾದರಿಗೆ ನಾನೇ ಹಾಕಿದ್ದು.

> ದಿ. 14-08ರಂದು ಬೆ. 8:00ಕ್ಕೆ TB ಡ್ಯಾಂನ ಮಟ್ಟ 1624.05 ಅಡಿ (ಗರಿಷ್ಠ 1633), ಸಂಗ್ರಹ 76.40 TMC, ಒಳಹರಿವು 32,450 ಕ್ಯುಸೆಕ್, ಹೊರಹರಿವು 9,100. ಭತ್ತ BPT 5204 ರೂ. 2,150-2,380/ಕ್ವಿಂ. ಗೊಬ್ಬರ 10:26:26 ಸ್ಟಾಕ್ ಬಂದಿದೆ.

ಕಾಗದದ ಮೇಲೆ ಇದರಲ್ಲಿ ಒಂದೂ ತಪ್ಪಿಲ್ಲ. ಯಂತ್ರದ ಬಾಯಿಗೆ ಕೊಟ್ಟರೆ ಹೆಜ್ಜೆಗೊಂದು ಗುಂಡಿ. "ದಿ." ನಂತರದ ಚುಕ್ಕೆಯನ್ನು ಅದು ವಾಕ್ಯ ಮುಗಿಯಿತು ಎಂದುಕೊಂಡು ನಿಲ್ಲಬಹುದು. "ರೂ." ಹತ್ತಿರವೂ ಅದೇ ಕಥೆ. 32,450ರ ನಡುವಿನ ಅಲ್ಪವಿರಾಮ ನೋಡಿ ಕೆಲವು ಧ್ವನಿಗಳು "ಮೂವತ್ತೆರಡು" ಎಂದು ನಿಂತು, ಆಮೇಲೆ "ನಾನೂರ ಐವತ್ತು" ಎನ್ನುತ್ತವೆ. ಕೇಳಿದ ರೈತ ನಾನೂರ ಐವತ್ತೇ ಒಳಹರಿವು ಅಂದುಕೊಂಡರೆ ಅದು ಅವರ ತಪ್ಪಲ್ಲ. 2,150-2,380ರ ನಡುವಿನ ಗೆರೆಯನ್ನು ನುಂಗಿಬಿಡಬಹುದು, "ಮೈನಸ್" ಎಂದೂ ಓದಬಹುದು. ಎಲ್ಲಕ್ಕಿಂತ ತಮಾಷೆ ಎಂದರೆ 10:26:26. ಗೊಬ್ಬರದ ಚೀಲದ ಮೇಲೆ ಅದು ಸಾರಜನಕ, ರಂಜಕ, ಪೊಟ್ಯಾಷ್ ಲೆಕ್ಕ. ಯಂತ್ರದ ಕಣ್ಣಿಗೆ ಅದು ಗಡಿಯಾರ. ಹತ್ತು ಗಂಟೆ ಇಪ್ಪತ್ತಾರು ನಿಮಿಷ ಇಪ್ಪತ್ತಾರು ಸೆಕೆಂಡಿಗೆ ಗೊಬ್ಬರ ಬಂದಿದೆ ಎಂದು ಹೇಳಿಬಿಡುತ್ತದೆ.

ಆದರೆ ಇವೆಲ್ಲ ಸುಲಭದ ತಪ್ಪುಗಳು. ಕೇಳಿದ ಕೂಡಲೇ ಗೊತ್ತಾಗುತ್ತವೆ, ತಿದ್ದಬಹುದು. ಕನ್ನಡಕ್ಕೇ ಅಂತ ಇರುವ ತೊಡಕು ಬೇರೆಯದು. ಅದು ಅಂಕಿಗೆ ಅಂಟುವ ಬಾಲ. "14ರಂದು" ಎಂದು ಬರೆಯುತ್ತೇವೆ, "ಹದಿನಾಲ್ಕರಂದು" ಎಂದು ಓದುತ್ತೇವೆ. "1633ಕ್ಕೆ" ಎಂದು ಬರೆದರೆ ಓದುವುದು "ಸಾವಿರದ ಆರುನೂರ ಮೂವತ್ಮೂರಕ್ಕೆ". "19ನೇ ಗೇಟು" ಎಂದರೆ "ಹತ್ತೊಂಬತ್ತನೇ ಗೇಟು". ಅಂದರೆ ಕೊನೆಯ ಉಕಾರ ಬಿದ್ದುಹೋಗಿ ಬಾಲ ಬೆಸೆದುಕೊಳ್ಳುತ್ತದೆ. ಯಂತ್ರ ಅಂಕಿಯನ್ನು ಬೇರೆ, ಬಾಲವನ್ನು ಬೇರೆ ಮಾಡಿ "ಹದಿನಾಲ್ಕು ರಂದು", "ಹತ್ತೊಂಬತ್ತು ನೇ ಗೇಟು" ಎಂದು ಓದುತ್ತದೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ ಅದೇ ಗೇಟು ಕೊಚ್ಚಿಕೊಂಡು ಹೋದಾಗ ಈ ಭಾಗದಲ್ಲಿ ಅದರ ಹೆಸರು ಹೇಳದ ಬಾಯಿ ಇರಲಿಲ್ಲ. ಅಂಥ ಪದವನ್ನೇ ಧ್ವನಿ ತುಂಡು ಮಾಡಿ ಹೇಳಿದರೆ ಜನ ಉಳಿದದ್ದನ್ನು ನಂಬುವುದಿಲ್ಲ.

ಇದಕ್ಕೆ ಎರಡು ದಾರಿ. ಒಂದು, ಅಂಕಿಯನ್ನು ಬಾಲದ ಸಮೇತ ಅಕ್ಷರದಲ್ಲೇ ಬರೆಯುವುದು: "ಹದಿನಾಲ್ಕರಂದು", "ಹತ್ತೊಂಬತ್ತನೇ". ಅಪರೂಪಕ್ಕೆ ಬರುವ ಅಂಕಿಗೆ ಇದು ಸಾಕು. ಎರಡನೆಯದು ನನಗೆ ಹೆಚ್ಚು ಇಷ್ಟ, ದಿನಾ ಮಾಡುವ ಸುದ್ದಿಗೆ ಇದೇ ಸರಿ. ಬಾಲವನ್ನು ಅಂಕಿಗೆ ಹಚ್ಚಬೇಡಿ, ಅದರ ಪಕ್ಕದ ಅಳತೆಗೆ ಹಚ್ಚಿ. "1633ಕ್ಕೆ ಮುಟ್ಟಿದೆ" ಬದಲು "1633 ಅಡಿಗೆ ಮುಟ್ಟಿದೆ". "8ಕ್ಕೆ" ಬದಲು "8 ಗಂಟೆಗೆ". "14ರಂದು" ಬದಲು "14ನೆಯ ತಾರೀಕು" ಎನ್ನಲು ಹೋದರೆ ಮತ್ತೆ ಬಾಲ ಬರುತ್ತದೆ. ಅದಕ್ಕೆ "ತಾರೀಕು 14" ಎಂದುಬಿಡಿ. ಹೀಗೆ ಮಾಡಿದರೆ ಅಂಕಿ ಯಾವತ್ತೂ ಬೋಳಾಗಿಯೇ ನಿಲ್ಲುತ್ತದೆ. ನಾಳೆ ಅಂಕಿ ಬದಲಾದರೂ ಉಳಿದ ವಾಕ್ಯವನ್ನು ಮುಟ್ಟಬೇಕಾಗಿಲ್ಲ.

ಜನರನ್ನು ಎಣಿಸುವಾಗ ಇನ್ನೊಂದು ವಿಷಯ ನೆನಪಿರಲಿ. "3 ರೈತರು" ಎಂದು ಬರೆದರೆ ಯಂತ್ರ "ಮೂರು ರೈತರು" ಎನ್ನುತ್ತದೆ. ನಮ್ಮ ಕಿವಿಗೆ ಅದು ಚುಚ್ಚುತ್ತದೆ, ಅಲ್ವಾ? ಇಬ್ಬರು, ಮೂವರು, ನಾಲ್ವರು, ಐವರು ಎಂದು ಐದರವರೆಗೆ ಅಕ್ಷರದಲ್ಲಿ ಬರೆಯಿರಿ. ಮೇಲಕ್ಕೆ ಹೋದರೆ "ಆರು ಮಂದಿ", "ಇಪ್ಪತ್ತು ಮಂದಿ" ಎಂದರೆ ಮುಗಿಯಿತು.

ಇನ್ನು ದೊಡ್ಡ ಅಂಕಿ. ಕನ್ನಡದಲ್ಲಿ ನೂರು, ಸಾವಿರ, ಲಕ್ಷ ಈ ಮೂರೂ ತಮ್ಮ ಹಿಂದೆ ಇನ್ನೊಂದು ಅಂಕಿ ಬಂದರೆ ರೂಪ ಬದಲಿಸುತ್ತವೆ. ನಾನೂರು ಒಂಟಿಯಾಗಿದ್ದರೆ "ನಾನೂರು". ಹಿಂದೆ ಐವತ್ತು ಬಂದರೆ "ನಾನೂರ ಐವತ್ತು". ಸಾವಿರ "ಸಾವಿರದ" ಆಗುತ್ತದೆ, ಲಕ್ಷ "ಲಕ್ಷದ" ಆಗುತ್ತದೆ. ನೂರುಗಳಿಗೆ ಹೆಸರೂ ಬೇರೆ ಬೇರೆ: ಇನ್ನೂರು, ಮುನ್ನೂರು, ನಾನೂರು, ಐನೂರು, ಒಂಬೈನೂರು. ಧ್ವನಿಯೊಂದು "ನಾಲ್ಕು ನೂರು ಐವತ್ತು" ಎಂದು ಓದಿದರೆ ಅದಕ್ಕೆ ಈ ನಿಯಮ ಗೊತ್ತಿಲ್ಲ ಎಂದರ್ಥ. ಅರ್ಥವೇನೋ ಆಗುತ್ತದೆ. ಆದರೆ ಹೊರಗಿನವರು ಓದಿದಂತೆ ಕೇಳಿಸುತ್ತದೆ.

ದಿನಾ ಕೈಯಿಂದ ಬಿಡಿಸಿ ಬರೆಯಲು ಬೇಸರವಾದರೆ ಒಂದು ಚಿಕ್ಕ ಪೈಥಾನ್ ತುಣುಕು ಸಾಕು. ಪೈಥಾನ್ ಗೊತ್ತಿರುವ ಹುಡುಗರು ಸಿಂಧನೂರಿನಲ್ಲೇ ಸಿಗುತ್ತಾರೆ, ಅವರಿಗೆ ಇದನ್ನು ತೋರಿಸಿ. `OSA` ಎನ್ನುವ ಪಟ್ಟಿಯಲ್ಲಿ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಪದಗಳನ್ನು ಒಂದು ಸಲ ಕೈಯಿಂದ ಟೈಪ್ ಮಾಡಿಕೊಳ್ಳಬೇಕು. ಇಪ್ಪತ್ನಾಲ್ಕು, ಮೂವತ್ಮೂರು ಎಂದು ನಿಮ್ಮ ಊರಿನಲ್ಲಿ ಹೇಗೆ ಹೇಳುತ್ತಾರೋ ಹಾಗೇ ಬರೆಯಿರಿ.

```python
NURU = ["", "ನೂರು", "ಇನ್ನೂರು", "ಮುನ್ನೂರು", "ನಾನೂರು", "ಐನೂರು",
        "ಆರುನೂರು", "ಏಳುನೂರು", "ಎಂಟುನೂರು", "ಒಂಬೈನೂರು"]

def odu(n, modalu=True):
    if n >= 100000:
        q, r = divmod(n, 100000)
        return odu(q) + (" ಲಕ್ಷದ " + odu(r, False) if r else " ಲಕ್ಷ")
    if n >= 1000:
        q, r = divmod(n, 1000)
        s = "" if q == 1 and modalu else odu(q) + " "
        return s + ("ಸಾವಿರದ " + odu(r) if r else "ಸಾವಿರ")
    if n >= 100:
        q, r = divmod(n, 100)
        return NURU[q][:-1] + " " + OSA[r] if r else NURU[q]
    return OSA[n]
```

ಇದರಲ್ಲಿ `[:-1]` ಎನ್ನುವುದು "ನಾನೂರು" ಪದದ ಕೊನೆಯ ಕೊಂಬನ್ನು ಕಿತ್ತು "ನಾನೂರ" ಮಾಡುತ್ತದೆ. ಯುನಿಕೋಡಿನಲ್ಲಿ ಕೊಂಬು ಬೇರೆಯೇ ಒಂದು ಅಕ್ಷರವಾಗಿ ಕೂತಿರುವುದರಿಂದ ಇಷ್ಟು ಸುಲಭ. `modalu` ಇರುವುದು ಏಕೆಂದರೆ 1633 ಅನ್ನು "ಸಾವಿರದ ಆರುನೂರ" ಎನ್ನುತ್ತೇವೆ, ಆದರೆ 1,01,450 ಬಂದರೆ "ಒಂದು ಲಕ್ಷದ ಒಂದು ಸಾವಿರದ" ಎನ್ನಬೇಕು. ಮಳೆಗಾಲದಲ್ಲಿ ಹೊರಹರಿವು ಲಕ್ಷ ದಾಟುವುದು ನಮಗೆ ಹೊಸದೇನಲ್ಲ, ಆದ್ದರಿಂದ ಇದು ಬೇಕೇ ಬೇಕು. ಈ ತುಣುಕು ಕೋಟಿಯೊಳಗಿನ ಅಂಕಿಗೆ ಮಾತ್ರ. ಅಂಕಿ ಕೊಡುವ ಮುಂಚೆ ಅದರೊಳಗಿನ ಅಲ್ಪವಿರಾಮ ತೆಗೆದುಬಿಡಿ.

ಪಾಯಿಂಟ್ ಇರುವ ಅಂಕಿಯಲ್ಲಿ ಎಚ್ಚರ ಜಾಸ್ತಿ ಬೇಕು. 1624.05 ಮತ್ತು 1624.5 ನಡುವೆ ಸುಮಾರು ಅರ್ಧ ಅಡಿ ಅಂತರವಿದೆ. ಡ್ಯಾಮಿನ ಅಗಲಕ್ಕೆ ಅರ್ಧ ಅಡಿ ಎಂದರೆ ಸಣ್ಣ ನೀರಲ್ಲ. ಯಂತ್ರ "ಪಾಯಿಂಟ್ ಐದು" ಎಂದು ಸೊನ್ನೆಯನ್ನು ನುಂಗಿದರೆ ಸುದ್ದಿಯೇ ಸುಳ್ಳು. ಪಾಯಿಂಟಿನ ನಂತರದ ಅಂಕಿಗಳನ್ನು ಒಂದೊಂದಾಗಿ ಬರೆಯಿರಿ: "ಪಾಯಿಂಟ್ ಸೊನ್ನೆ ಐದು". ಡ್ಯಾಮಿನ ಪೂರ್ತಿ ಸಾಮರ್ಥ್ಯ ಎಂದು ಹೇಳುವ 105.788 ಟಿಎಂಸಿಯನ್ನು "ನೂರ ಐದು ಪಾಯಿಂಟ್ ಏಳು ಎಂಟು ಎಂಟು" ಎಂದು ಬರೆದರೆ ತಪ್ಪಲು ದಾರಿಯೇ ಇಲ್ಲ. "ಪಾಯಿಂಟ್ ಏಳುನೂರ ಎಂಬತ್ತೆಂಟು" ಎಂದು ಓದಿಸಿದರೆ 105.8 ಮತ್ತು 105.788ರಲ್ಲಿ ಯಾವುದು ದೊಡ್ಡದು ಎಂದು ಕೇಳುವವರು ತಲೆ ಕೆರೆದುಕೊಳ್ಳುತ್ತಾರೆ. 76.40ರ ಕೊನೆಯ ಸೊನ್ನೆಯನ್ನು ಮಾತ್ರ ಬಿಟ್ಟುಬಿಡಿ, ಕಿವಿಗೆ ಅದು ಬೇಡ. ಶಾಲೆಯಲ್ಲಿ "ದಶಾಂಶ" ಎಂದು ಕಲಿಸುತ್ತಾರೆ, ಕಾಲುವೆ ಮೇಲೆ ನಿಂತವರು "ಪಾಯಿಂಟ್" ಎನ್ನುತ್ತಾರೆ. ನಿಮ್ಮ ಕೇಳುಗರು ಎರಡನೆಯವರು.

ಇಲ್ಲಿಂದ ಇಂಗ್ಲಿಷ್ ಪದಗಳಿಗೆ ಬರೋಣ. ಮೊದಲ ಕೆಲಸ, ಎಲ್ಲವನ್ನೂ ಕನ್ನಡ ಲಿಪಿಗೆ ತನ್ನಿ. ಕನ್ನಡ ವಾಕ್ಯದ ನಡುವೆ TMC ಎಂದು ಇಂಗ್ಲಿಷ್ ಅಕ್ಷರ ಬಂದರೆ ಒಂದು ಧ್ವನಿ ಅದನ್ನು ಬಿಡಿಸಿ ಓದುತ್ತದೆ, ಇನ್ನೊಂದು ನಡುವೆ ತಟ್ಟನೆ ರಾಗ ಬದಲಿಸುತ್ತದೆ, ಮತ್ತೊಂದು ಬಿಟ್ಟೇ ಹೋಗುತ್ತದೆ. "ಟಿಎಂಸಿ" ಎಂದು ಕೂಡಿಸಿ ಬರೆಯಿರಿ. "ಟಿ.ಎಂ.ಸಿ." ಬೇಡ, ಪ್ರತಿ ಚುಕ್ಕೆಗೂ ನಿಲ್ಲುವ ಅಪಾಯವಿದೆ. ಕೂಡಿಸಿದಾಗ ತೀರಾ ಓಡಿಸಿ ಓದಿದರೆ ನಡುವೆ ಜಾಗ ಬಿಟ್ಟು "ಟಿ ಎಂ ಸಿ" ಮಾಡಿ. "ಟಿಬಿ" ಮೊಟಕಾಗಿ ಕೇಳಿಸಿದರೆ "ಟೀ ಬೀ" ಎಂದು ದೀರ್ಘ ಹಾಕಿ ನೋಡಿ. ಕಾಗುಣಿತ ನೋಡಿದವರು ನಗಬಹುದು, ಆದರೆ ಈ ಬರಹವನ್ನು ಯಾರೂ ನೋಡುವುದಿಲ್ಲ, ಕೇಳುತ್ತಾರೆ.

ಎರಡನೆಯ ಕೆಲಸಕ್ಕೆ ನಮ್ಮ ಜನರ ನಾಲಿಗೆಯೇ ದಾರಿ ತೋರಿಸುತ್ತದೆ. ಹೊಲದಲ್ಲಿ ಯಾರೂ "ಗೇಟ್‌ಗೆ", "ಬಸ್‌ನಲ್ಲಿ", "ಡ್ಯಾಂನ" ಎನ್ನುವುದಿಲ್ಲ. ಗೇಟಿಗೆ, ಬಸ್ಸಿನಲ್ಲಿ, ಡ್ಯಾಮಿನ ಎನ್ನುತ್ತಾರೆ. ಪತ್ರಿಕೆಯ ಬರಹದಲ್ಲಿ ಅರ್ಧಾಕ್ಷರ ಮತ್ತು ಬಾಲದ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಯುನಿಕೋಡಿನಲ್ಲಿ U+200C. ಅಕ್ಷರಗಳು ಒಂದರ ಕೆಳಗೊಂದು ಒತ್ತಾಗದಂತೆ ತಡೆಯುವುದು ಅದರ ಕೆಲಸ. ಕೆಲವು ಧ್ವನಿಗಳು ಅದನ್ನು ಗಮನಿಸದೆ ಓದಿಕೊಂಡು ಹೋಗುತ್ತವೆ. ಕೆಲವು ಅಲ್ಲಿ ಪದ ಮುಗಿಯಿತೆಂದು ತಿಳಿದು "ಗೇಟ್... ಗೆ" ಎಂದು ಬಿರುಕು ಬಿಡುತ್ತವೆ. ಗೇಟಿಗೆ ಎಂದು ಬರೆದರೆ ಆ ಗುರುತೇ ಬೇಕಾಗಿಲ್ಲ. ಸ್ವರ ಇರುವುದರಿಂದ ಬಾಲ ನಯವಾಗಿ ಕೂಡಿಕೊಳ್ಳುತ್ತದೆ. ಸ್ಟಾಕು, ರೇಟು, ಕೆನಾಲು, ಗೇಟು ಎಂದು ಉಕಾರ ಕೊಟ್ಟೇ ಬರೆಯಿರಿ. ಕಂಪ್ಯೂಟರ್ ಧ್ವನಿಯಲ್ಲಿ ನಾನು ಮಾಡುವ ತಿದ್ದುಪಡಿಗಳಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ.

ಪದದ ಕೊನೆಯ ಸೊನ್ನೆಯನ್ನೂ ಒಮ್ಮೆ ನೋಡಿ. "ಡ್ಯಾಂ" ಸರಿಯಾಗಿ ಬರದಿದ್ದರೆ "ಡ್ಯಾಮ್" ಎಂದು ಬರೆದರೆ ತುಟಿ ಮುಚ್ಚಿದ ಸದ್ದು ಸ್ಪಷ್ಟವಾಗಿ ಬರುತ್ತದೆ. ಇನ್ನೊಂದು ಕಳ್ಳ ತಪ್ಪು ಇದೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿರುತ್ತದೆ. ಹಳೆಯ ಫಾಂಟಿನಿಂದ ಬದಲಿಸಿದ ಬರಹದಲ್ಲಿ, ಫೋಟೋದಿಂದ ಎತ್ತಿದ ಬರಹದಲ್ಲಿ ಇದು ಸಿಗುತ್ತದೆ. "ಸ೦ಗ್ರಹ" ಎಂದು ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಯಂತ್ರ ಮಾತ್ರ ನಡುವೆ ಸೊನ್ನೆ ಓದಿ ಗಲಿಬಿಲಿ ಮಾಡುತ್ತದೆ. ಕಡತದಲ್ಲಿ ೦ ಎಂದು ಹುಡುಕಿದರೆ ಸಿಕ್ಕಿಬೀಳುತ್ತದೆ. ಇಲಾಖೆಯಿಂದ ಬರುವ ಬರಹ ನುಡಿ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿದ್ದರೆ ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಯಂತ್ರಕ್ಕೆ ಕಾಣುವುದು ಬರೀ ಇಂಗ್ಲಿಷ್ ಕಸ.

ತಳಿಯ ಹೆಸರುಗಳು ಅಂಕಿಯೂ ಹೌದು, ಇಂಗ್ಲಿಷೂ ಹೌದು. ಬಿಪಿಟಿ 5204 ಅನ್ನು "ಐದು ಸಾವಿರದ ಇನ್ನೂರ ನಾಲ್ಕು" ಎಂದು ಓದಿಸಿದರೆ ಗಂಗಾವತಿ, ಕಾರಟಗಿ ಕಡೆ ಭತ್ತ ಬೆಳೆಯುವವರಿಗೆ ಯಾವ ತಳಿ ಎಂದೇ ಹೊಳೆಯಲಿಕ್ಕಿಲ್ಲ. ಅದು ಲೆಕ್ಕ ಅಲ್ಲ, ಹೆಸರು. ನಿಮ್ಮ ಕೇಳುಗರಲ್ಲಿ ಇಬ್ಬರನ್ನು ಕೇಳಿ, ಅವರ ಬಾಯಲ್ಲಿ ಬಂದದ್ದನ್ನೇ ಬರೆಯಿರಿ. "ಫಿಫ್ಟಿಟೂ ಜೀರೋ ಫೋರ್" ಎಂದರೆ ಅದನ್ನೇ ಕನ್ನಡ ಅಕ್ಷರದಲ್ಲಿ ಹಾಕಿ. ಆರ್‌ಎನ್‌ಆರ್ 15048ಕ್ಕೂ ಹಾಗೇ. ಫೋನ್ ನಂಬರು, ಗೊಬ್ಬರದ 10:26:26, ಹೆದ್ದಾರಿ ನಂಬರು ಇವೆಲ್ಲ ಹೆಸರುಗಳೇ. ಇವನ್ನು `odu` ತುಣುಕಿಗೆ ಕೊಡಬೇಡಿ. ಬೇರೆ ಪಟ್ಟಿ ಮಾಡಿಟ್ಟುಕೊಳ್ಳಿ: ಎಡಗಡೆ ಬರೆಯುವ ರೂಪ, ಬಲಗಡೆ ಓದುವ ರೂಪ. ಸಾಲು ಸೇರಿಸುತ್ತಾ ಹೋದಂತೆ ದಿನದ ತಿದ್ದುಪಡಿ ಕಡಿಮೆಯಾಗುತ್ತದೆ.

ಈಗ ನಿಲುಗಡೆ. ಇದರಲ್ಲಿ ಜನ ಮಾಡುವ ದೊಡ್ಡ ತಪ್ಪು, ಎಲ್ಲೆಂದರಲ್ಲಿ ಅಲ್ಪವಿರಾಮ ಸುರಿಯುವುದು. ಅಲ್ಪವಿರಾಮ ಬರೀ ಮೌನ ಅಲ್ಲ, ಅದು ರಾಗ ಕೂಡ. ಅಲ್ಪವಿರಾಮ ಕಂಡಾಗ ಧ್ವನಿ ತುಸು ಮೇಲೆ ಹೋಗಿ "ಇನ್ನೂ ಇದೆ" ಎನ್ನುವಂತೆ ನಿಲ್ಲುತ್ತದೆ. ಚುಕ್ಕೆ ಕಂಡಾಗ ಇಳಿದು "ಮುಗಿಯಿತು" ಎನ್ನುತ್ತದೆ. ರಾಗ ಬೇಡ, ಬರೀ ಮೌನ ಬೇಕು ಎನ್ನುವಾಗ ಬೇರೆ ಗುರುತು ಇದೆ. ಅದು ಧ್ವನಿಗೆ ಸೂಚನೆ ಕೊಡುವ ಎಸ್‌ಎಸ್‌ಎಂಎಲ್ ಎನ್ನುವ ಬರವಣಿಗೆಯ `break`. ಮೈಕ್ರೋಸಾಫ್ಟಿನ ಅಜೂರ್‌ನ ಕನ್ನಡ ಧ್ವನಿಗಳಿಗೆ, ಗೂಗಲ್ ಕ್ಲೌಡಿನ ಕೆಲವು ಕನ್ನಡ ಧ್ವನಿಗಳಿಗೆ ಇದನ್ನು ಕೊಡಬಹುದು. ಬರೀ ಪೆಟ್ಟಿಗೆಯಲ್ಲಿ ಬರಹ ಅಂಟಿಸುವ ಉಚಿತ ಆ್ಯಪುಗಳಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಕೆಲವು ಆ ಗುರುತನ್ನೇ ಜೋರಾಗಿ ಓದಿಬಿಡುತ್ತವೆ.

ಎಲ್ಲಿ ನಿಲ್ಲಬೇಕು? ಅಂಕಿ ಮತ್ತು ಅಳತೆಯ ನಡುವೆ ಎಂದೂ ಬೇಡ. "ಮೂವತ್ತೆರಡು ಸಾವಿರದ ನಾನೂರ ಐವತ್ತು ಕ್ಯುಸೆಕ್" ಒಂದೇ ಉಸಿರಿನಲ್ಲಿ ಹೋಗಬೇಕು. ಅದರ ಮುಂಚೆ, ಯಾವ ಲೆಕ್ಕ ಎಂದು ಹೇಳಿದ ಮೇಲೆ ಒಂದು ಅಲ್ಪವಿರಾಮ ಹಾಕಿ: "ಒಳಹರಿವು, ಮೂವತ್ತೆರಡು ಸಾವಿರದ..." ಕೇಳುವವರು ಕಿವಿ ನಿಮಿರಿಸಲು ಅಷ್ಟು ಸಮಯ ಬೇಕು. ಅಂಕಿ ಮುಗಿದ ಮೇಲೆ ಚುಕ್ಕೆ, ಆಮೇಲೆ 600ರಿಂದ 700 ಮಿಲಿಸೆಕೆಂಡ್ ಮೌನ. ಆ ಹೊತ್ತಿನಲ್ಲಿ ಅಂಕಿ ತಲೆಯಲ್ಲಿ ಕೂರುತ್ತದೆ. ಡ್ಯಾಮಿನ ಸುದ್ದಿ ಮುಗಿದು ರೇಟಿನ ಸುದ್ದಿ ಶುರುವಾಗುವಲ್ಲಿ 1200 ಇಡಿ. ಇವು ನಾನು ಶುರು ಮಾಡುವ ಅಳತೆಗಳು. ಚುಕ್ಕೆಗೆ ಧ್ವನಿ ತಾನೇ ಒಂದಿಷ್ಟು ನಿಲ್ಲುತ್ತದೆ, ನಿಮ್ಮ ಮೌನ ಅದರ ಮೇಲೆ ಸೇರುತ್ತದೆ. ಒಟ್ಟು ಜಾಸ್ತಿ ಅನಿಸಿದರೆ ಇಳಿಸಿ.

```xml
<speak version="1.0" xml:lang="kn-IN"
       xmlns="http://www.w3.org/2001/10/synthesis">
  <voice name="kn-IN-GaganNeural">
    <prosody rate="-8%">
      ಒಳಹರಿವು, ಮೂವತ್ತೆರಡು ಸಾವಿರದ ನಾನೂರ ಐವತ್ತು ಕ್ಯುಸೆಕ್.
      <break time="700ms"/>
      ಹೊರಹರಿವು, ಒಂಬತ್ತು ಸಾವಿರದ ನೂರು ಕ್ಯುಸೆಕ್.
      <break time="1200ms"/>
    </prosody>
  </voice>
</speak>
```

ಇದು ಅಜೂರ್‌ಗೆ ಹೊಂದುವ ರೂಪ. ಗಗನ್ ಗಂಡು ಧ್ವನಿ, `kn-IN-SapnaNeural` ಹೆಣ್ಣು ಧ್ವನಿ. ವೇಗವನ್ನು ಸ್ವಲ್ಪ ಇಳಿಸಿದ್ದೇನೆ, ಏಕೆಂದರೆ ನಿಮ್ಮ ಕೇಳುಗರು ಟ್ರ್ಯಾಕ್ಟರ್ ಪಕ್ಕದಲ್ಲಿ ನಿಂತು ಫೋನಿನ ಸ್ಪೀಕರಿನಲ್ಲಿ ಕೇಳುತ್ತಿರುತ್ತಾರೆ. ಇಡೀ ಬರಹವನ್ನು ತೀರಾ ನಿಧಾನ ಮಾಡಿದರೆ ಮಾತು ಎಳೆದಂತಾಗುತ್ತದೆ. ಸ್ಪಷ್ಟತೆ ಬೇಕಾದರೆ ಮೌನ ಹೆಚ್ಚಿಸಿ, ವೇಗವನ್ನು ಹೆಚ್ಚು ಮುಟ್ಟಬೇಡಿ. ಎಸ್‌ಎಸ್‌ಎಂಎಲ್‌ನಲ್ಲಿ ಅಂಕಿಯನ್ನು ಹೇಗೆ ಓದಬೇಕೆಂದು ಹೇಳಲು `say-as` ಎಂಬ ಗುರುತೂ ಇದೆ. ಕನ್ನಡದಲ್ಲಿ ಅದನ್ನು ನಂಬಿ ಕೂರಬೇಡಿ. ಅಕ್ಷರದಲ್ಲಿ ಬರೆದದ್ದು ಯಾವ ಧ್ವನಿಗೆ ಕೊಟ್ಟರೂ ಒಂದೇ ತರ ಬರುತ್ತದೆ, ಗುರುತು ಹಾಗಲ್ಲ.

ಕೆಲವು ಕಡೆ ನಿಲುಗಡೆ ಹಾಕಿ ಸರಿ ಮಾಡಲು ಆಗುವುದೇ ಇಲ್ಲ, ವಾಕ್ಯವನ್ನೇ ಮುರಿಯಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಉದ್ದ ವಾಕ್ಯ ಕೇಳುವವರು ಎಲ್ಲವನ್ನೂ ಕೊನೆಯವರೆಗೆ ಹೊತ್ತುಕೊಂಡು ಹೋಗಬೇಕು. "ಒಳಹರಿವು ಹೆಚ್ಚಿರುವುದರಿಂದ ನದಿಪಾತ್ರದ ಗ್ರಾಮಗಳ ಜನರು ದಂಡೆಗೆ ತೆರಳಬಾರದು ಎಂದು ಅಧಿಕಾರಿಗಳು ತಿಳಿಸಿದ್ದಾರೆ" ಎನ್ನುವ ವಾಕ್ಯ ತೆಗೆದುಕೊಳ್ಳಿ. ಇದರಲ್ಲಿ "ಎಂದು" ಮುಂಚೆ ಯಂತ್ರ ನಿಂತರೆ ಮಾತು ಒಡೆಯುತ್ತದೆ. ನಿಲ್ಲದಿದ್ದರೆ ಉಸಿರೇ ಇಲ್ಲದಂತೆ ಓಡುತ್ತದೆ. "ಒಳಹರಿವು ಹೆಚ್ಚಿದೆ. ಹೊಳೆ ದಂಡೆಗೆ ಯಾರೂ ಹೋಗಬೇಡಿ. ಇದು ಅಧಿಕಾರಿಗಳು ಕೊಟ್ಟ ಸೂಚನೆ." ಹೀಗೆ ಮೂರು ಮಾಡಿದರೆ ಒಂದೂ ವಿಶೇಷ ಗುರುತು ಬೇಕಾಗಿಲ್ಲ. ಒಂದು ವೇಳೆ ಉದ್ದ ವಾಕ್ಯ ಇಡಲೇಬೇಕಾದರೆ "ಹೆಚ್ಚಿರುವುದರಿಂದ", "ಬಂದರೆ", "ಬಿಟ್ಟಾಗ" ಇಂಥ ಪದಗಳ ನಂತರ ಅಲ್ಪವಿರಾಮ ಹಾಕಿ. ನಾವು ಮಾತಾಡುವಾಗ ಉಸಿರು ತೆಗೆದುಕೊಳ್ಳುವುದೂ ಅಲ್ಲೇ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಸುದ್ದಿ ಹೀಗಾಗುತ್ತದೆ:

> ತಾರೀಕು ಹದಿನಾಲ್ಕು, ಆಗಸ್ಟ್ ತಿಂಗಳು. ಬೆಳಿಗ್ಗೆ ಎಂಟು ಗಂಟೆಯ ಲೆಕ್ಕ.
> ಟೀ ಬೀ ಡ್ಯಾಮಿನ ನೀರಿನ ಮಟ್ಟ, ಸಾವಿರದ ಆರುನೂರ ಇಪ್ಪತ್ನಾಲ್ಕು ಪಾಯಿಂಟ್ ಸೊನ್ನೆ ಐದು ಅಡಿ. ಪೂರ್ತಿ ತುಂಬಿದರೆ, ಸಾವಿರದ ಆರುನೂರ ಮೂವತ್ಮೂರು ಅಡಿ.
> ಸಂಗ್ರಹ, ಎಪ್ಪತ್ತಾರು ಪಾಯಿಂಟ್ ನಾಲ್ಕು ಟಿಎಂಸಿ.
> ಒಳಹರಿವು, ಮೂವತ್ತೆರಡು ಸಾವಿರದ ನಾನೂರ ಐವತ್ತು ಕ್ಯುಸೆಕ್. ಹೊರಹರಿವು, ಒಂಬತ್ತು ಸಾವಿರದ ನೂರು ಕ್ಯುಸೆಕ್.
> ಭತ್ತದ ರೇಟು. ಬಿಪಿಟಿ ಫಿಫ್ಟಿಟೂ ಜೀರೋ ಫೋರ್. ಕ್ವಿಂಟಾಲಿಗೆ, ಕಡಿಮೆ ಎಂದರೆ ಎರಡು ಸಾವಿರದ ನೂರ ಐವತ್ತು ರೂಪಾಯಿ. ಹೆಚ್ಚು ಎಂದರೆ ಎರಡು ಸಾವಿರದ ಮುನ್ನೂರ ಎಂಬತ್ತು ರೂಪಾಯಿ.
> ಹತ್ತು ಇಪ್ಪತ್ತಾರು ಇಪ್ಪತ್ತಾರು ಗೊಬ್ಬರದ ಸ್ಟಾಕು ಬಂದಿದೆ.

ರೇಟಿನ ಎರಡು ಅಂಕಿಯನ್ನು "ಇಷ್ಟರಿಂದ ಇಷ್ಟು" ಎನ್ನದೆ ಎರಡು ವಾಕ್ಯ ಮಾಡಿದ್ದು ಬೇಕೆಂದೇ. "ಐವತ್ತರಿಂದ" ಎಂದರೆ ಮತ್ತೆ ಅಂಕಿಗೆ ಬಾಲ ಬರುತ್ತದೆ. ಮೇಲಾಗಿ ಬೆನ್ನಿಗೆ ಬೆನ್ನು ಹತ್ತಿದ ಎರಡು ದೊಡ್ಡ ಅಂಕಿ ಕಿವಿಯಲ್ಲಿ ನಿಲ್ಲುವುದಿಲ್ಲ. ಬರಹದ ಆವರಣದಲ್ಲಿದ್ದ 1633 ಕೂಡ ಈಗ ಸ್ವಂತ ವಾಕ್ಯವಾಗಿದೆ. ಆವರಣ ಕಣ್ಣಿಗೆ ಮಾತ್ರ, ಧ್ವನಿಯಲ್ಲಿ ಅದು ಇರುವುದೇ ಇಲ್ಲ.

ಧ್ವನಿ ಮಾಡಿಸುವಾಗ ಇಡೀ ಸುದ್ದಿಯನ್ನು ಒಂದೇ ಕಡತ ಮಾಡಬೇಡಿ. ಡ್ಯಾಮು, ರೇಟು, ಗೊಬ್ಬರ ಮೂರನ್ನು ಬೇರೆ ಬೇರೆ ಮಾಡಿ ಆಡಾಸಿಟಿ ಎನ್ನುವ ಆಡಿಯೋ ಸಾಫ್ಟ್‌ವೇರಿನಲ್ಲಿ ಜೋಡಿಸಿ. ಒಂದು ಅಂಕಿ ತಪ್ಪಿದರೆ ಆ ತುಂಡನ್ನಷ್ಟೇ ಮತ್ತೆ ಮಾಡಿದರಾಯಿತು.

ಪರೀಕ್ಷೆ ಮಾಡುವುದು ನೀವಲ್ಲ. ಬರೆದವರ ಕಿವಿ ಮೋಸ ಮಾಡುತ್ತದೆ, ಅಂಕಿ ಗೊತ್ತಿರುವುದರಿಂದ ತಪ್ಪು ಓದಿದರೂ ಸರಿಯೇ ಕೇಳಿಸುತ್ತದೆ. ಮನೆಯಲ್ಲಿ ಬೇರೆ ಯಾರಿಗಾದರೂ ಪೆನ್ನು ಕಾಗದ ಕೊಟ್ಟು, ಬರಹ ತೋರಿಸದೆ, ಫೋನಿನ ಸ್ಪೀಕರಿನಲ್ಲೇ ಒಂದು ಸಲ ಕೇಳಿಸಿ. ಕೇಳಿದ ಅಂಕಿಗಳನ್ನು ಅವರು ಬರೆದುಕೊಳ್ಳಲಿ. ಅವರು ಎಲ್ಲಿ "ಇನ್ನೊಮ್ಮೆ ಹಚ್ಚು" ಎನ್ನುತ್ತಾರೋ ಅಲ್ಲಿ ನಿಲುಗಡೆ ಸಾಲದು. ಎಲ್ಲಿ ಅಂಕಿಯೇ ತಪ್ಪಾಗಿದೆಯೋ ಅಲ್ಲಿ ಬರಹ ತಪ್ಪಿದೆ. ಒಮ್ಮೆ ಅಚ್ಚು ಸರಿಹೋದ ಮೇಲೆ ದಿನಾ ಇಷ್ಟು ಬೇಕಾಗಿಲ್ಲ. ಮೊದಲ ಸಲ ಲಕ್ಷ ದಾಟಿದ ದಿನ, ಹೊಸ ತಳಿ ಅಥವಾ ಹೊಸ ಊರಿನ ಹೆಸರು ಬಂದ ದಿನ ಮಾತ್ರ ಮತ್ತೆ ಮಾಡಿ.

ಒಂದು ಮಿತಿ ಹೇಳಿಬಿಡುತ್ತೇನೆ. "ಐತಿ", "ಬಂದೈತಿ", "ಹೋಗ್ಯಾರ" ಎಂದು ನಮ್ಮ ಕಡೆಯ ಮಾತಿನಲ್ಲೇ ಬರೆಯುವ ಆಸೆ ನಿಮಗೂ ಬರಬಹುದು. ಅಕ್ಷರಗಳನ್ನು ಧ್ವನಿ ಓದುತ್ತದೆ. ಆದರೆ ರಾಯಚೂರು, ಕೊಪ್ಪಳದ ಮಾತಿನ ಏರಿಳಿತ ಅದಕ್ಕೆ ಬರುವುದಿಲ್ಲ. ಪದ ನಮ್ಮದು, ರಾಗ ಪುಸ್ತಕದ್ದು ಎಂಬಂತಾಗಿ ಅಣಕಿಸಿದ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ಸರಳ ಬರಹದ ಕನ್ನಡವೇ ಇರಲಿ. ಶುರುವಿನ ನಮಸ್ಕಾರ, ಕೊನೆಯ ಮಾತು ಎರಡನ್ನು ನಿಮ್ಮ ಸ್ವಂತ ಧ್ವನಿಯಲ್ಲಿ ಒಮ್ಮೆ ರೆಕಾರ್ಡ್ ಮಾಡಿ ದಿನಾ ಅದನ್ನೇ ಜೋಡಿಸಬಹುದು. ನಡುವಿನ ಅಂಕಿಗಳನ್ನು ಓದಿದ್ದು ಕಂಪ್ಯೂಟರ್ ಎಂದು ಅಲ್ಲೇ ಹೇಳಿಬಿಡಿ.

ಆ್ಯಪ್ ಬದಲಿಸಲೇಬೇಕು ಅನಿಸಿದರೆ ಹೊಸದಕ್ಕೆ ಮೊದಲು ಈ ಮೂರು ಸಾಲು ಕೊಡಿ, ತಿದ್ದದೆ: "19ನೇ ಗೇಟಿನಿಂದ 1,01,450 ಕ್ಯುಸೆಕ್", "ಮಟ್ಟ 1624.05 ಅಡಿ", "ಗೊಬ್ಬರ 10:26:26". ಮೂರನ್ನೂ ಸರಿಯಾಗಿ ಓದಿದರೆ ನಿಮ್ಮ ಕೆಲಸ ಅರ್ಧ ಉಳಿಯಿತು. ಓದದಿದ್ದರೆ, ಈಗಿರುವ ಧ್ವನಿಯಲ್ಲೇ ಬರಹ ತಿದ್ದಿಕೊಂಡು ಮುಂದುವರಿಯಿರಿ.